ಜೋರಾಗಿ ಓಡಿ ಥಟ್ಟನೆ ನಿಂತರೆ ಕಣ್ಣು ಕತ್ತಲೆ ಕಟ್ಟುವುದೇಕೆ?

ಸಂಜೆಯ ಓಟ ಬರೆದ ಪ್ರಶ್ನೆ

ನನಗೆ 41 ವರ್ಷ. ಮೂರು ವರ್ಷಗಳಿಂದ ಟ್ರೆಡ್‌ಮಿಲ್ ಮೇಲೆ ಓಡುವ ಅಭ್ಯಾಸವಿದೆ. ನಾನು ಯಾವ ಮಾತ್ರೆಯನ್ನೂ ತೆಗೆದುಕೊಳ್ಳುವುದಿಲ್ಲ, ಸುಮ್ಮನಿರುವಾಗ ರಕ್ತದೊತ್ತಡ 124/80ರ ಆಸುಪಾಸಿನಲ್ಲಿರುತ್ತದೆ. ಕಳೆದ ವಾರ 35 ನಿಮಿಷ ಓಡಿದೆ. ಅದರಲ್ಲಿ ಕೊನೆಯ 6 ನಿಮಿಷ ಗಂಟೆಗೆ 12.5 ಕಿಲೋಮೀಟರ್ ವೇಗವಿತ್ತು, ಕೈಗಡಿಯಾರ ನಾಡಿಬಡಿತವನ್ನು 174 ಎಂದು ತೋರಿಸುತ್ತಿತ್ತು. ಕೆಂಪು ಗುಂಡಿ ಒತ್ತಿ ಯಂತ್ರವನ್ನು ನಿಲ್ಲಿಸಿ, ಹಿಡಿಕೆ ಹಿಡಿದು ನಿಂತುಕೊಂಡೆ. ಮೊದಲ ಹತ್ತು ಸೆಕೆಂಡು ಏನೂ ಆಗಲಿಲ್ಲ. ಅನಂತರ ನೋಟದ ಅಂಚುಗಳು ಬೂದುಬಣ್ಣಕ್ಕೆ ತಿರುಗಿದವು, ಸುತ್ತಲಿನ ಸದ್ದು ದೂರ ಸರಿದಂತೆ ಕೇಳಿಸಿತು, ಹಣೆಯಲ್ಲಿ ತಣ್ಣನೆಯ ಬೆವರು ಒಡೆಯಿತು. ಹೇಗೋ ನೆಲಕ್ಕೆ ಕುಳಿತು ಒರಗಿಕೊಂಡ ಮೇಲೆ ಅರ್ಧ ನಿಮಿಷದಲ್ಲಿ ಎಲ್ಲವೂ ಸರಿಹೋಯಿತು.

ಓಡುವಾಗ ಒಂದಿಷ್ಟೂ ತೊಂದರೆಯಿಲ್ಲದೆ, ನಿಂತು ವಿಶ್ರಾಂತಿ ಪಡೆಯುವಾಗ ಹೀಗಾಗುವುದು ನನಗೆ ವಿಚಿತ್ರವಾಗಿ ಕಾಣುತ್ತದೆ. ಇದು ಹೃದಯದ ತೊಂದರೆಯ ಸೂಚನೆಯೇ?

ತಾಲೀಮುಗಾರ

ಇದು ಬಹಳ ಸಾಮಾನ್ಯ. ಕಠಿಣ ವ್ಯಾಯಾಮದಲ್ಲಿ ಸ್ನಾಯುಗಳಲ್ಲಿ ಲ್ಯಾಕ್ಟಿಕ್ ಆಮ್ಲ ತುಂಬಿಕೊಂಡಿರುತ್ತದೆ. ಥಟ್ಟನೆ ನಿಂತರೆ ಅದು ಒಮ್ಮೆಗೇ ರಕ್ತಕ್ಕೆ ನುಗ್ಗಿ ತಲೆಸುತ್ತು ಬರುತ್ತದೆ. ಜೊತೆಗೆ ಸಕ್ಕರೆಯೂ ಇಳಿದಿರುತ್ತದೆ. ನಿಧಾನವಾಗಿ ವೇಗ ಇಳಿಸಿ 5 ನಿಮಿಷ ನಡೆದರೆ ಆಮ್ಲ ತೊಳೆದುಹೋಗುತ್ತದೆ, ಮರುದಿನ ಮೈಕೈ ನೋವೂ ಇರುವುದಿಲ್ಲ. ನನ್ನ ಬಳಿ ತರಬೇತಿಗೆ ಬರುವವರಿಗೆಲ್ಲ ಇದನ್ನೇ ಹೇಳುತ್ತೇನೆ.

ಇಸಿಜಿ ಕೋಣೆ

ತಾಲೀಮುಗಾರರ ಸಲಹೆ ಸರಿ, ಆದರೆ ಕೊಟ್ಟ ಕಾರಣ ಸರಿಯಲ್ಲ. ನಾನು 17 ವರ್ಷಗಳಿಂದ ಹೃದಯ ಪರೀಕ್ಷೆಯ ಟ್ರೆಡ್‌ಮಿಲ್ ಪಕ್ಕದಲ್ಲಿ ನಿಂತು ಕೆಲಸ ಮಾಡುತ್ತಿದ್ದೇನೆ. ಓಟ ಮುಗಿದ ಮೊದಲ ಎರಡು ಮೂರು ನಿಮಿಷಗಳಲ್ಲಿ ನಮ್ಮ ಕಣ್ಣು ಇಸಿಜಿಯ ಗೆರೆಯ ಮೇಲೆ ಇರುವಷ್ಟೇ ರೋಗಿಯ ಮುಖದ ಬಣ್ಣದ ಮೇಲೂ ಇರುತ್ತದೆ.

ನಡೆಯುವುದು ಇಷ್ಟು. ಸುಮ್ಮನೆ ಕುಳಿತಾಗ ಹೃದಯವು ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ತಳ್ಳುತ್ತದೆ. ಜೋರಾಗಿ ಓಡುವಾಗ ಅದು 20 ಲೀಟರಿನ ಹತ್ತಿರ ಹೋಗಬಹುದು. ಅದರ ಬಹುಪಾಲು ಹೋಗುವುದು ಕಾಲಿನ ಸ್ನಾಯುಗಳಿಗೆ, ಏಕೆಂದರೆ ಅಲ್ಲಿನ ಸಣ್ಣ ರಕ್ತನಾಳಗಳು ಪೂರ್ತಿ ಬಾಯಿ ತೆರೆದಿರುತ್ತವೆ. ಹೀಗೆ ಕೆಳಗಿಳಿದ ರಕ್ತ ಮತ್ತೆ ಎದೆಯವರೆಗೆ ಏರಿ ಬರಬೇಕಲ್ಲ, ಆ ಕೆಲಸವನ್ನು ಹೃದಯವೊಂದೇ ಮಾಡಲಾರದು. ಪ್ರತಿ ಹೆಜ್ಜೆಯಲ್ಲೂ ಮೀನಖಂಡ ಮತ್ತು ತೊಡೆಯ ಸ್ನಾಯುಗಳು ಬಿಗಿದು ಒಳಗಿನ ಅಭಿಧಮನಿಗಳನ್ನು ಹಿಂಡುತ್ತವೆ, ಅವುಗಳ ಕವಾಟಗಳು ರಕ್ತ ಹಿಂದಕ್ಕೆ ಜಾರದಂತೆ ತಡೆಯುತ್ತವೆ. ಓಡುವವನ ಕಾಲುಗಳೇ ಅವನ ಎರಡನೆಯ ಪಂಪು ಎಂದರೆ ಅತಿಶಯವಲ್ಲ.

ನೀವು ಕೆಂಪು ಗುಂಡಿ ಒತ್ತಿದ ಕ್ಷಣದಲ್ಲೇ ಈ ಎರಡನೆಯ ಪಂಪು ನಿಂತಿತು. ಆದರೆ ತೆರೆದ ರಕ್ತನಾಳಗಳು ಅದೇ ಕ್ಷಣದಲ್ಲಿ ಮುಚ್ಚಿಕೊಳ್ಳುವುದಿಲ್ಲ, ಅದಕ್ಕೆ ಹಲವು ನಿಮಿಷಗಳು ಬೇಕು. ಹಾಗಾಗಿ ರಕ್ತ ಕಾಲಿಗೆ ಇಳಿಯುತ್ತಲೇ ಇರುತ್ತದೆ, ಏರಿ ಬರುವುದು ಮಾತ್ರ ಕಡಿಮೆಯಾಗುತ್ತದೆ. ಎದೆಯಲ್ಲಿ ಉಳಿದಿದ್ದ ರಕ್ತದಿಂದ ಹೃದಯ ಕೆಲವು ಸೆಕೆಂಡುಗಳನ್ನು ಸಾಗಿಸುತ್ತದೆ. ನಿಮಗೆ ಮೊದಲ ಹತ್ತು ಸೆಕೆಂಡು ಏನೂ ಆಗದಿರುವುದಕ್ಕೆ ಕಾರಣ ಅದೇ. ಅನಂತರ ಪ್ರತಿ ಬಡಿತದಲ್ಲೂ ಹೊರಬೀಳುವ ರಕ್ತ ಕಡಿಮೆಯಾಗುತ್ತದೆ, ಅದೇ ಹೊತ್ತಿಗೆ ನಾಡಿಬಡಿತವೂ ಇಳಿಯತೊಡಗುತ್ತದೆ. ಎರಡೂ ಸೇರಿದಾಗ ಒತ್ತಡ ಕುಸಿಯುತ್ತದೆ.

ಇನ್ನೊಂದು ಲೆಕ್ಕವನ್ನೂ ಗಮನಿಸಿ. ನಿಂತಾಗ ಮಿದುಳು ಹೃದಯಕ್ಕಿಂತ ಸುಮಾರು 30 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಆ ಎತ್ತರಕ್ಕೇ ಸುಮಾರು 22 ಅಂಕಿಯಷ್ಟು ಒತ್ತಡ ಖರ್ಚಾಗುತ್ತದೆ. ತೋಳಿನಲ್ಲಿ ಮೇಲಿನ ಅಂಕಿ 85 ಬಂದರೆ ತಲೆಯ ಮಟ್ಟದಲ್ಲಿ ಅದು 63ರ ಆಸುಪಾಸು. ನೀವು ನೆಲಕ್ಕೆ ಒರಗಿದಾಗ ಈ ನಷ್ಟವೂ ಕಡಿಮೆಯಾಯಿತು, ಕಾಲಿನ ರಕ್ತಕ್ಕೆ ಏರಬೇಕಾದ ದಾರಿಯೂ ತಗ್ಗಿತು. ಅರ್ಧ ನಿಮಿಷದಲ್ಲಿ ಸರಿಹೋಗಿದ್ದು ಅದರಿಂದ.

ತಾಲೀಮುಗಾರ

ಹಾಗಾದರೆ ಲ್ಯಾಕ್ಟಿಕ್ ಆಮ್ಲಕ್ಕೂ ಇದಕ್ಕೂ ಸಂಬಂಧವೇ ಇಲ್ಲವೆನ್ನುತ್ತೀರಾ? ನಿಧಾನವಾಗಿ ನಡೆದರೆ ಅದು ಬೇಗ ಇಳಿಯುತ್ತದೆಂದು ನಾನು ಓದಿದ್ದೇನೆ.

ಇಸಿಜಿ ಕೋಣೆ

ಬೇಗ ಇಳಿಯುವುದು ನಿಜ. ಆದರೆ ಸುಮ್ಮನೆ ಕುಳಿತವರಲ್ಲೂ ಅದು ಒಂದೆರಡು ಗಂಟೆಯೊಳಗೆ ತಾನಾಗಿಯೇ ಇಳಿದಿರುತ್ತದೆ. ಮರುದಿನದ ನೋವಿಗೆ ಅದು ಕಾರಣವೂ ಅಲ್ಲ. ಕೂಲ್‌ಡೌನ್ ಮಾಡಿದವರಿಗೂ ಮಾಡದವರಿಗೂ ಮರುದಿನದ ನೋವಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣುವುದಿಲ್ಲ. ಸಕ್ಕರೆಯ ವಿಷಯಕ್ಕೆ ಬಂದರೆ, ಮಧುಮೇಹಕ್ಕೆ ಇನ್ಸುಲಿನ್ ಅಥವಾ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಅದನ್ನು ಯೋಚಿಸಲೇಬೇಕು. ಆದರೆ ಸಕ್ಕರೆ ಇಳಿದವರು ಮಲಗಿದೊಡನೆ ಅರ್ಧ ನಿಮಿಷದಲ್ಲಿ ಚೇತರಿಸಿಕೊಳ್ಳುವುದಿಲ್ಲ. ನಿಂತಾಗ ಬಂದು ಮಲಗಿದಾಗ ಹೋಯಿತೆಂದರೆ ಮೊದಲು ಒತ್ತಡವನ್ನೇ ಅನುಮಾನಿಸಬೇಕು.

ಉಕ್ಕಿನ ತಟ್ಟೆ

ನನಗೂ ಹೀಗೇ ಆಗುತ್ತದೆ. 110 ಕೆ.ಜಿ. ಭಾರವನ್ನು ನೆಲದಿಂದ ಎತ್ತಿ ಕೆಳಗಿಟ್ಟ ಎರಡನೆಯ ಸೆಕೆಂಡಿಗೆ ತಲೆ ತಿರುಗುತ್ತದೆ. ಹಾಗಾದರೆ ನಾನೂ ಭಾರ ಎತ್ತಿದ ಮೇಲೆ 5 ನಿಮಿಷ ನಡೆಯಬೇಕೇ? ಪ್ರತಿ ಸರದಿಯ ನಂತರವೂ ನಡೆಯುತ್ತ ಹೋದರೆ ಮನೆಗೆ ಹೋಗುವುದು ಯಾವಾಗ?

ಇಸಿಜಿ ಕೋಣೆ

ನಿಮ್ಮದು ಬೇರೆ ಸಂಗತಿ. ಭಾರ ಎತ್ತುವಾಗ ನೀವು ಉಸಿರು ಬಿಗಿಹಿಡಿದು ತಿಣುಕುತ್ತೀರಿ. ಆಗ ಎದೆಯೊಳಗಿನ ಒತ್ತಡ ಏರಿ, ಹೃದಯಕ್ಕೆ ಮರಳುವ ರಕ್ತಕ್ಕೆ ತಡೆಯಾಗುತ್ತದೆ. ಎತ್ತುವ ಹೊತ್ತಿನಲ್ಲಿ ತುಂಬ ಮೇಲಕ್ಕೇರಿದ್ದ ರಕ್ತದೊತ್ತಡವು ಭಾರ ಇಳಿಸಿ ಉಸಿರು ಬಿಟ್ಟೊಡನೆ ಕೆಲವೇ ಸೆಕೆಂಡುಗಳಲ್ಲಿ ಕುಸಿಯುತ್ತದೆ. ಎರಡನೆಯ ಸೆಕೆಂಡಿಗೇ ತಲೆ ತಿರುಗುತ್ತದೆ ಎಂದಿರಿ, ಆ ವೇಗವೇ ಇದು ಬೇರೆ ಎಂದು ಹೇಳುತ್ತದೆ. ನಡೆಯುವುದರಿಂದ ಹೆಚ್ಚು ಪ್ರಯೋಜನವಿಲ್ಲ. ಎತ್ತುವ ಕಷ್ಟದ ಘಟ್ಟ ದಾಟಿದ ಮೇಲೆ ಉಸಿರನ್ನು ಸ್ವಲ್ಪಸ್ವಲ್ಪವಾಗಿ ಬಿಡುವುದು, ಭಾರ ಇಳಿಸಿದ ಮೇಲೆ ಬಾಗಿದ ಸ್ಥಿತಿಯಿಂದ ಥಟ್ಟನೆ ನೆಟ್ಟಗಾಗದಿರುವುದು, ಇವು ನಿಮಗೆ ಬೇಕಾದವು. ಬಳಿಯಲ್ಲಿ ಹಿಡಿದುಕೊಳ್ಳಲು ಏನಾದರೂ ಇರಲಿ.

ಗೆರೆಯಾಚೆ

ನಾನು ವೈದ್ಯೆ. ದೂರದ ಓಟದ ಸ್ಪರ್ಧೆಗಳಲ್ಲಿ ಕೊನೆಯ ಗೆರೆಯ ಬಳಿಯ ಚಿಕಿತ್ಸಾ ಡೇರೆಯಲ್ಲಿ ಸ್ವಯಂಸೇವಕಿಯಾಗಿ ಕೆಲಸ ಮಾಡಿದ್ದೇನೆ. ಪ್ರಶ್ನೆ ಕೇಳಿದವರು ಹೃದಯದ ಬಗ್ಗೆ ವಿಚಾರಿಸಿದ್ದಾರೆ, ಅದಕ್ಕೆ ಉತ್ತರ ಬಾಕಿಯಿದೆ.

ನಮ್ಮ ಡೇರೆಯಲ್ಲಿ ಕೇಳುವ ಮೊದಲ ಪ್ರಶ್ನೆ, ಗೆರೆ ದಾಟುವ ಮೊದಲು ಬಿದ್ದರೋ, ದಾಟಿದ ಮೇಲೆ ಬಿದ್ದರೋ ಎಂಬುದು. ದಾಟಿ ನಿಂತ ಮೇಲೆ ಬಿದ್ದವರಲ್ಲಿ ಹೆಚ್ಚಿನವರಿಗೆ ಆಗಿರುವುದು ಮೇಲೆ ವಿವರಿಸಿದ ಕುಸಿತವೇ. ಅವರನ್ನು ಮಲಗಿಸಿ, ಕಾಲುಗಳನ್ನು ಎದೆಗಿಂತ ಎತ್ತರಕ್ಕೆ ಇಟ್ಟರೆ ಬೇಗನೆ ಮಾತನಾಡತೊಡಗುತ್ತಾರೆ. ಓಡುತ್ತಿರುವಾಗಲೇ ಬಿದ್ದವರ ವಿಷಯ ಹಾಗಲ್ಲ. ಎರಡನೆಯ ಪಂಪು ಇನ್ನೂ ಕೆಲಸ ಮಾಡುತ್ತಿರುವಾಗ ಬಿದ್ದರೆಂದರೆ ಹೃದಯದ ಲಯ, ಹೃದಯದ ಸ್ನಾಯು ಅಥವಾ ಕವಾಟದ ದೋಷ, ಬಿಸಿಲಾಘಾತ, ರಕ್ತದಲ್ಲಿ ಸೋಡಿಯಂ ಇಳಿದಿರುವುದು, ಇವನ್ನು ಹುಡುಕಲೇಬೇಕಾಗುತ್ತದೆ. ಮಲಗಿಸಿದ ಮೇಲೂ ಗೊಂದಲದಿಂದ ಮಾತನಾಡುವವರನ್ನು, ಮೈ ಸುಡುತ್ತಿರುವವರನ್ನು ನಾವು ಒಂದು ಕ್ಷಣವೂ ತಲೆಸುತ್ತಿನ ಸಾಲಿಗೆ ಸೇರಿಸುವುದಿಲ್ಲ.

ನಿಮಗೆ ನಿಂತ ಮೇಲೆ ಬಂದಿದೆ, ಮುನ್ಸೂಚನೆ ಕೊಟ್ಟು ಬಂದಿದೆ, ಒರಗಿದಾಗ ಹೋಗಿದೆ. ಇದು ನೆಮ್ಮದಿ ಕೊಡುವ ಚಿತ್ರ. ಆದರೂ ಮೂರು ವಿಷಯ ತಿಳಿಸಿ. ಓಡುವಾಗ ಎದೆ ಹಿಡಿದಂತೆ ಆಗಿತ್ತೇ? ಬಡಿತ ತಪ್ಪಿದಂತೆ ಅಥವಾ ಕಾರಣವಿಲ್ಲದೆ ಹಾರಿದಂತೆ ಅನಿಸಿತ್ತೇ? ಹತ್ತಿರದ ಸಂಬಂಧಿಕರಲ್ಲಿ ಯಾರಾದರೂ ಚಿಕ್ಕ ವಯಸ್ಸಿನಲ್ಲೇ ಹಠಾತ್ತನೆ ತೀರಿಕೊಂಡಿದ್ದಾರೆಯೇ? ಒಂದಕ್ಕೆ ಹೌದು ಎಂದಾದರೂ ಮುಂದಿನ ಓಟಕ್ಕೆ ಮೊದಲು ಪರೀಕ್ಷೆ ಮಾಡಿಸಬೇಕು.

ಸಂಜೆಯ ಓಟ

ಮೂರಕ್ಕೂ ಇಲ್ಲ ಎಂಬುದೇ ಉತ್ತರ, ಮೇಡಂ. ಆದರೆ ಒಂದು ಸಂದೇಹ. ನನ್ನ ಸೋದರಮಾವನಿಗೆ ಟ್ರೆಡ್‌ಮಿಲ್ ಪರೀಕ್ಷೆ ಮಾಡಿದಾಗ ಓಟ ನಿಲ್ಲಿಸಿದ ಕೂಡಲೇ ಹಾಸಿಗೆಯ ಮೇಲೆ ಮಲಗಿಸಿದ್ದರಂತೆ. ಥಟ್ಟನೆ ನಿಲ್ಲಿಸುವುದು ತಪ್ಪಾದರೆ ಅಲ್ಲಿ ಹಾಗೇಕೆ ಮಾಡುತ್ತಾರೆ?

ಇಸಿಜಿ ಕೋಣೆ

ಈ ಪ್ರಶ್ನೆಯನ್ನು ರೋಗಿಗಳೂ ಕೇಳುತ್ತಾರೆ. ತೊಂದರೆ ಇರುವುದು ಥಟ್ಟನೆ ನಿಲ್ಲಿಸುವುದರಲ್ಲಿ ಅಲ್ಲ, ಥಟ್ಟನೆ ನಿಲ್ಲಿಸಿ ಅಲ್ಲಾಡದೆ ನಿಂತಿರುವುದರಲ್ಲಿ. ಮಲಗಿದವರ ಕಾಲು ಮತ್ತು ಹೃದಯ ಒಂದೇ ಮಟ್ಟದಲ್ಲಿರುವುದರಿಂದ ರಕ್ತ ಕಾಲಿನಲ್ಲಿ ನಿಲ್ಲುವುದಿಲ್ಲ. ಎಕೋ ಯಂತ್ರದಿಂದ ಹೃದಯದ ಚಿತ್ರ ತೆಗೆಯುವ ಪರೀಕ್ಷೆಯಾದರೆ, ಬಡಿತ ಇಳಿಯುವ ಮೊದಲೇ ಒಂದು ನಿಮಿಷದ ಆಸುಪಾಸಿನಲ್ಲಿ ಚಿತ್ರ ಸಿಗಬೇಕು, ಆದ್ದರಿಂದ ನಡೆಸಲು ಸಮಯವೇ ಇರುವುದಿಲ್ಲ. ಬರೀ ಇಸಿಜಿಯ ಪರೀಕ್ಷೆಯಲ್ಲಿ ಕೆಲವೆಡೆ ನಿಧಾನವಾಗಿ ನಡೆಸುತ್ತಾರೆ, ಕೆಲವೆಡೆ ಕೂರಿಸುತ್ತಾರೆ ಅಥವಾ ಮಲಗಿಸುತ್ತಾರೆ. ಓಡಿದವರನ್ನು ಕಂಬದಂತೆ ನಿಲ್ಲಿಸಿದ್ದನ್ನು ಮಾತ್ರ ನಾನು ಎಲ್ಲೂ ನೋಡಿಲ್ಲ.

ನಿಮಗೆ ನನ್ನ ಸಲಹೆ ಹೀಗಿದೆ. 12.5ರಿಂದ ನೇರವಾಗಿ ಸೊನ್ನೆಗೆ ಇಳಿಯಬೇಡಿ. 8ಕ್ಕೆ ಇಳಿಸಿ 2 ನಿಮಿಷ ನಿಧಾನವಾಗಿ ಓಡಿ, 6ಕ್ಕೆ ಇಳಿಸಿ 2 ನಿಮಿಷ ಚುರುಕಾಗಿ ನಡೆಯಿರಿ, ಅನಂತರ 4.5ರಲ್ಲಿ 3 ನಿಮಿಷ. ನಾಡಿಬಡಿತ 110–120ಕ್ಕೆ ಇಳಿದು, ಪೂರ್ತಿ ವಾಕ್ಯಗಳನ್ನು ಏದುಸಿರಿಲ್ಲದೆ ಆಡಲು ಬಂದಾಗ ಯಂತ್ರದಿಂದ ಇಳಿಯಿರಿ. ಮೊದಲ ಒಂದೆರಡು ದಿನ ಪಕ್ಕದಲ್ಲಿ ಯಾರಾದರೂ ಇರಲಿ.

ಗೆರೆಯಾಚೆ

ಆ 110–120 ಎಂಬ ಅಂಕಿಗೆ ಗಟ್ಟಿಯಾದ ಆಧಾರವಿದೆಯೆಂದು ನನಗನಿಸುವುದಿಲ್ಲ. ವಯಸ್ಸು ಮತ್ತು ಅಭ್ಯಾಸಕ್ಕೆ ತಕ್ಕಂತೆ ಅದು ಬದಲಾಗುತ್ತದೆ. ಬೀಟಾ ಬ್ಲಾಕರ್ ಮಾತ್ರೆ ತೆಗೆದುಕೊಳ್ಳುವವರ ಬಡಿತ ಓಡುವಾಗಲೂ ಅಷ್ಟಕ್ಕೆ ಏರದಿರಬಹುದು. ಕೆಲವರಿಗೆ 3 ನಿಮಿಷದ ನಡಿಗೆಯೇ ಸಾಕಾಗುತ್ತದೆ.

ಇಸಿಜಿ ಕೋಣೆ

ಒಪ್ಪುತ್ತೇನೆ, ಅದು ನನ್ನ ಕಣ್ಣಳತೆಯ ಅಂಕಿ. ಹಾಗೆಂದು 3 ನಿಮಿಷ ಸಾಕೆಂದು ನಾನು ಯಾರಿಗೂ ಹೇಳಲಾರೆ. ಮೂರನೆಯ ನಿಮಿಷದಲ್ಲಿ ಮುಖ ಬಿಳಿಚಿಕೊಂಡವರನ್ನೂ ಕಂಡಿದ್ದೇನೆ.

ನಿವೃತ್ತ ಮೇಷ್ಟ್ರು

ನನಗೆ 66 ವರ್ಷ. ಬೆಳಿಗ್ಗೆ ಒಂದು ಗಂಟೆ ಸೈಕಲ್ ತುಳಿಯುತ್ತೇನೆ. ದಾರಿಯ ಕೊನೆಯಲ್ಲಿ ಒಂದು ಏರು ಇದೆ. ಅದನ್ನು ಹತ್ತಿ, ಒಂದು ಕಾಲು ನೆಲಕ್ಕೂರಿ ನಿಂತೊಡನೆ ಕಣ್ಣು ಮಂಜಾಗುತ್ತದೆ. ರಕ್ತದೊತ್ತಡಕ್ಕೆ ಒಂದು ಮಾತ್ರೆ, ಪ್ರಾಸ್ಟೇಟ್ ಗ್ರಂಥಿಗೆ ಒಂದು ಮಾತ್ರೆ ನಡೆಯುತ್ತಿದೆ. ವಯಸ್ಸಿನ ದೋಷವೆಂದು ಸುಮ್ಮನಿದ್ದೆ. ಇಲ್ಲಿನ ಚರ್ಚೆ ಓದಿದ ಮೇಲೆ ಪ್ರಾಸ್ಟೇಟ್ ಮಾತ್ರೆಯನ್ನು ನಿಲ್ಲಿಸಿ ನೋಡೋಣವೆಂದುಕೊಂಡಿದ್ದೇನೆ.

ಗೆರೆಯಾಚೆ

ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ, ಸರ್. ಟಾಮ್ಸುಲೋಸಿನ್ ಮುಂತಾದ ಆಲ್ಫಾ ಬ್ಲಾಕರ್ ಗುಂಪಿನ ಮಾತ್ರೆಗಳು ರಕ್ತನಾಳಗಳು ಬಿಗಿಯುವುದನ್ನು ಅಷ್ಟಿಷ್ಟು ತಡೆಯುತ್ತವೆ, ಆದ್ದರಿಂದ ನಿಮ್ಮ ಅನುಮಾನದಲ್ಲಿ ಹುರುಳಿದೆ. ಆದರೆ ಥಟ್ಟನೆ ನಿಲ್ಲಿಸಿದರೆ ಮೂತ್ರ ಕಟ್ಟಿಕೊಳ್ಳುವ ಅಪಾಯವಿದೆ. ರಕ್ತದೊತ್ತಡದ ಮಾತ್ರೆಯ ಪಾಲೂ ಇರಬಹುದು. ಎರಡೂ ಮಾತ್ರೆಗಳ ಹೆಸರು, ತೆಗೆದುಕೊಳ್ಳುವ ಹೊತ್ತು, ಸೈಕಲ್ ತುಳಿಯುವ ಹೊತ್ತು ಇವನ್ನು ಬರೆದುಕೊಂಡು ನಿಮ್ಮ ವೈದ್ಯರ ಬಳಿ ಹೋಗಿ. 66ರ ವಯಸ್ಸಿನಲ್ಲಿ ಏರು ಹತ್ತಿದ ಮೇಲೆ ಕಣ್ಣು ಮಂಜಾಗುವುದಕ್ಕೆ ಒಂದು ಇಸಿಜಿಯಾದರೂ ಆಗಲೇಬೇಕು. ಅಲ್ಲಿಯವರೆಗೆ ಏರಿನ ತುದಿಯಲ್ಲಿ ನಿಲ್ಲದೆ, ಹಗುರ ಗೇರಿಗೆ ಹಾಕಿ ಸಮತಟ್ಟಾದ ದಾರಿಯಲ್ಲಿ ಕೆಲವು ನಿಮಿಷ ತುಳಿದು ಇಳಿಯಿರಿ. ಇಷ್ಟವಿದ್ದರೆ ಏರನ್ನೇ ಬಿಡಿ.

ಸಂಜೆಯ ಓಟ

ಒಂದು ವಾರದ ನಂತರ ಬರೆಯುತ್ತಿದ್ದೇನೆ. ಇಸಿಜಿ ಕೋಣೆಯವರು ಹೇಳಿದ 8, 6, 4.5ರ ಕ್ರಮವನ್ನು ನಾಲ್ಕು ದಿನ ಪಾಲಿಸಿದೆ. ಯಂತ್ರದಿಂದ ಇಳಿಯುವಾಗ ಬಡಿತ 112ರ ಹತ್ತಿರ ಇರುತ್ತಿತ್ತು, ಕಣ್ಣು ಕತ್ತಲೆ ಒಂದು ದಿನವೂ ಬರಲಿಲ್ಲ. ಇಳಿದ ಮೇಲೆ ನೆಲವೇ ಮುಂದಕ್ಕೆ ಜಾರಿದಂತೆ ಒಂದೆರಡು ಕ್ಷಣ ಅನಿಸುತ್ತದೆ, ಅಷ್ಟೆ.

ಆದರೆ ನಾಲ್ಕನೆಯ ದಿನ ಬೇರೊಂದು ಘಟನೆ ನಡೆಯಿತು. ಓಟ ಮುಗಿದು 40 ನಿಮಿಷವಾಗಿತ್ತು. ಬಿಸಿನೀರಿನ ಷವರ್ ಕೆಳಗೆ ನಿಂತು, ಬಿದ್ದ ಸೋಪನ್ನು ಬಾಗಿ ಎತ್ತಿಕೊಂಡು ಮೇಲೆದ್ದಾಗ ಅದೇ ಬೂದುಬಣ್ಣ, ಅದೇ ದೂರದ ಸದ್ದು. ಹೊರಗೆ ಬಂದು ಕುಳಿತು ಅಳೆದಾಗ ಒತ್ತಡ 104/64 ಬಂತು. ಓಟದ ಮೊದಲು ಮತ್ತು ನಂತರ ತೂಕ ನೋಡಿದ್ದೆ, 900 ಗ್ರಾಂ ಇಳಿದಿತ್ತು. ಕೂಲ್‌ಡೌನ್ ಸರಿಯಾಗಿಯೇ ಮಾಡಿದ್ದೆನಲ್ಲ, ಹಾಗಿದ್ದೂ ಏಕೆ?

ಇಸಿಜಿ ಕೋಣೆ

ನೆಲ ಜಾರಿದಂತೆ ಆಗುವುದಕ್ಕೂ ಒತ್ತಡಕ್ಕೂ ಸಂಬಂಧವಿಲ್ಲ. ಚಲಿಸುವ ಪಟ್ಟಿಗೆ ಹೊಂದಿಕೊಂಡ ಮಿದುಳು ನಿಶ್ಚಲವಾದ ನೆಲಕ್ಕೆ ಮರಳಿ ಹೊಂದಿಕೊಳ್ಳುವಾಗ ಹಾಗಾಗುತ್ತದೆ. ಅದರಲ್ಲಿ ಕಣ್ಣು ಮಂಜಾಗುವುದಿಲ್ಲ, ತಣ್ಣನೆಯ ಬೆವರೂ ಬರುವುದಿಲ್ಲ. ಷವರಿನ ವಿಷಯವನ್ನು ವೈದ್ಯರೇ ಹೇಳಲಿ.

ಗೆರೆಯಾಚೆ

ಇದು ಎರಡನೆಯ ಕುಸಿತ. ಮೊದಲನೆಯದನ್ನೂ ಇದನ್ನೂ ವ್ಯಾಯಾಮದ ನಂತರದ ಒತ್ತಡ ಕುಸಿತ ಎಂದೇ ಕರೆಯುವುದರಿಂದ ಬಹಳ ಜನ ಎರಡನ್ನೂ ಬೆರೆಸಿಬಿಡುತ್ತಾರೆ.

ಮೊದಲನೆಯದು ನಿಂತ ಒಂದೆರಡು ನಿಮಿಷಗಳೊಳಗೆ ಬರುತ್ತದೆ, ಕಾಲು ಆಡಿಸುತ್ತಿದ್ದರೆ ಬರುವುದಿಲ್ಲ. ಎರಡನೆಯದು ಸದ್ದಿಲ್ಲದ್ದು. ಅರ್ಧ ಗಂಟೆ, ಒಂದು ಗಂಟೆ ವ್ಯಾಯಾಮ ಮಾಡಿದವರ ಒತ್ತಡವು ಮುಂದಿನ ಸುಮಾರು ಎರಡು ಗಂಟೆಗಳ ಕಾಲ ತಮ್ಮ ಎಂದಿನ ಮಟ್ಟಕ್ಕಿಂತ ಸಾಮಾನ್ಯವಾಗಿ 5ರಿಂದ 10 ಅಂಕಿ ಕೆಳಗಿರುತ್ತದೆ. ಒತ್ತಡದ ಕಾಯಿಲೆ ಇರುವವರಲ್ಲಿ ಇನ್ನೂ ಹೆಚ್ಚು ಇಳಿಯಬಹುದು, ಇನ್ನೂ ಹೆಚ್ಚು ಹೊತ್ತು ಇರಬಹುದು. ಇದಕ್ಕೆ ಎರಡು ಕಾರಣಗಳಿವೆ. ಒತ್ತಡವನ್ನು ಕಾಯುವ ನರವ್ಯವಸ್ಥೆಯು ತನ್ನ ಗುರಿಯನ್ನೇ ತುಸು ಕೆಳಗಿಟ್ಟುಕೊಂಡಿರುತ್ತದೆ. ಜೊತೆಗೆ, ದುಡಿದ ಸ್ನಾಯುಗಳಲ್ಲಿ, ಅಲರ್ಜಿಯಲ್ಲೂ ಹೊರಬರುವ ಹಿಸ್ಟಮಿನ್ ಎಂಬ ರಾಸಾಯನಿಕ ಬಿಡುಗಡೆಯಾಗಿ ಅಲ್ಲಿನ ರಕ್ತನಾಳಗಳನ್ನು ತೆರೆದೇ ಇಟ್ಟಿರುತ್ತದೆ. ಅಮೆರಿಕದ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಜಾನ್ ಹ್ಯಾಲಿವಿಲ್ ಮತ್ತು ಸಂಗಡಿಗರು ಹಿಸ್ಟಮಿನ್ ಅಂಟಿಕೊಂಡು ಕೆಲಸ ಮಾಡುವ ಜೀವಕೋಶದ ಎರಡು ಬಗೆಯ ಗ್ರಾಹಕಗಳನ್ನು ಔಷಧಿಯಿಂದ ತಡೆದಾಗ ಈ ಕುಸಿತ ಬಹುಮಟ್ಟಿಗೆ ತಗ್ಗಿದ್ದನ್ನು ತೋರಿಸಿದ್ದಾರೆ.

ನೀವು 7 ನಿಮಿಷ ನಡೆದಿರಿ ಎಂದು ಈ ಎರಡನೆಯದು ಬಾರದೆ ಉಳಿಯುವುದಿಲ್ಲ. ಅದು ತನ್ನ ಅವಧಿ ಮುಗಿಸಿಯೇ ಹೋಗುತ್ತದೆ. ಹಾಗೆ ನೋಡಿದರೆ ಅದು ರೋಗವೂ ಅಲ್ಲ, ಹೆಚ್ಚಿನವರಿಗೆ ಬಂದುಹೋದದ್ದೂ ತಿಳಿಯುವುದಿಲ್ಲ. ನಿಮಗೆ ತಿಳಿದಿದ್ದು ಅದರ ಮೇಲೆ ಮತ್ತೆ ಮೂರು ಹೊರೆ ಬಿದ್ದದ್ದರಿಂದ. ಬಿಸಿನೀರು ಚರ್ಮದ ರಕ್ತನಾಳಗಳನ್ನೂ ತೆರೆಯಿತು. ಇಳಿದ 900 ಗ್ರಾಂ ಎಂದರೆ ಹತ್ತಿರ ಹತ್ತಿರ ಒಂದು ಲೀಟರ್ ಬೆವರು, ಅದರಲ್ಲಿ ಒಂದು ಪಾಲು ರಕ್ತದಿಂದಲೇ ಹೋಗಿರುತ್ತದೆ. ಕೊನೆಗೆ ಬಾಗಿ ಎದ್ದಿರಿ. 124ರಿಂದ 104ಕ್ಕೆ ಇಳಿದ ಆ 20 ಅಂಕಿಯಲ್ಲಿ ಯಾವುದರ ಪಾಲು ಎಷ್ಟೆಂದು ಬಿಡಿಸಿ ಹೇಳಲು ಬಾರದು.

ಮುಂದೆ ಹೀಗೆ ಮಾಡಿ ನೋಡಿ. ಸ್ನಾನಕ್ಕೆ ಮೊದಲು ನೀರು ಕುಡಿಯಿರಿ, ಉಗುರುಬೆಚ್ಚಗಿನ ನೀರಿನಲ್ಲಿ ಸ್ಟೂಲಿನ ಮೇಲೆ ಕುಳಿತು ಸ್ನಾನ ಮಾಡಿ, ಬಾಗಿದರೆ ನಿಧಾನವಾಗಿ ಏಳಿ. ಬಚ್ಚಲಿನ ಬಾಗಿಲಿಗೆ ಚಿಲಕ ಹಾಕಬೇಡಿ. ಕಣ್ಣು ಮಂಜಾಗತೊಡಗಿದರೆ ಕೂಡಲೇ ಕುಳಿತುಕೊಳ್ಳಿ. ಕುಳಿತುಕೊಳ್ಳಲು ಜಾಗವಿಲ್ಲದಿದ್ದರೆ, ಒಂದು ಕಾಲಿಗೆ ಇನ್ನೊಂದನ್ನು ಅಡ್ಡ ಹಾಕಿ, ತೊಡೆ, ಪೃಷ್ಠ ಮತ್ತು ಹೊಟ್ಟೆಯ ಸ್ನಾಯುಗಳನ್ನು ಬಲವಾಗಿ ಬಿಗಿಹಿಡಿಯಿರಿ. ಎರಡನೆಯ ಪಂಪನ್ನು ನಿಂತಲ್ಲೇ ನಡೆಸುವ ಉಪಾಯ ಇದು.

ತಾಲೀಮುಗಾರ

ಹಿಸ್ಟಮಿನ್ ಕಾರಣವಾದರೆ ಓಟಕ್ಕೆ ಮೊದಲು ಅಲರ್ಜಿಯ ಮಾತ್ರೆ ನುಂಗಿದರೆ ಆಯಿತಲ್ಲವೇ?

ಗೆರೆಯಾಚೆ

ಬೇಡ. ಸಾಮಾನ್ಯ ಅಲರ್ಜಿ ಮಾತ್ರೆ ಎರಡು ಬಗೆಯ ಗ್ರಾಹಕಗಳಲ್ಲಿ ಒಂದನ್ನು ಮಾತ್ರ ತಡೆಯುತ್ತದೆ, ಕೆಲವು ಮಾತ್ರೆಗಳು ಮಂಪರು ತರಿಸುತ್ತವೆ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ಎರಡೂ ಗ್ರಾಹಕಗಳನ್ನು ವಾರಗಟ್ಟಲೆ ತಡೆದು ತರಬೇತಿ ಕೊಟ್ಟ ಪ್ರಯೋಗದಲ್ಲಿ ತರಬೇತಿಯ ಫಲವೇ ಕುಂಠಿತವಾಗಿದ್ದು ಕಂಡುಬಂದಿದೆ. ದೇಹವು ಆ ನಾಳಗಳನ್ನು ಸುಮ್ಮನೆ ತೆರೆದಿಡುತ್ತಿಲ್ಲ.

ಉಕ್ಕಿನ ತಟ್ಟೆ

ಉಸಿರನ್ನು ಸ್ವಲ್ಪಸ್ವಲ್ಪವಾಗಿ ಬಿಡುವ ಕ್ರಮ ನನಗೆ ಅರ್ಧ ಫಲ ಕೊಟ್ಟಿದೆ. 100 ಕೆ.ಜಿ.ವರೆಗೆ ತೊಂದರೆಯಿಲ್ಲ, 110ರಲ್ಲಿ ಇನ್ನೂ ತಲೆ ತಿರುಗುತ್ತದೆ. ಉಸಿರು ಬಿಟ್ಟರೆ ಬೆನ್ನಿನ ಬಿಗಿ ಸಡಿಲವಾಗುತ್ತದೆಂಬ ಭಯವೂ ಇದೆ.

ಇಸಿಜಿ ಕೋಣೆ

ಆ ಭಯ ನಿರಾಧಾರವಲ್ಲ. ಬೆನ್ನಿಗೆ ಆ ಬಿಗಿ ಬೇಕು, ತಲೆಗೆ ಅದು ಬೇಡ. 100ರಲ್ಲೇ ಕೆಲವು ವಾರ ಇರಿ, ಎತ್ತುವ ಕ್ರಮವನ್ನು ಬಲ್ಲವರೊಬ್ಬರಿಗೆ ತೋರಿಸಿ. ಅದು ನನ್ನ ವಿದ್ಯೆಯಲ್ಲ.

ನಿವೃತ್ತ ಮೇಷ್ಟ್ರು

ವೈದ್ಯರನ್ನು ಕಂಡು ಬಂದೆ. ಇಸಿಜಿಯಲ್ಲಿ ದೋಷ ಕಾಣಲಿಲ್ಲ, ಟ್ರೆಡ್‌ಮಿಲ್ ಪರೀಕ್ಷೆಗೆ ದಿನ ಗೊತ್ತುಮಾಡಿದ್ದಾರೆ. ಮಲಗಿಸಿ ಒತ್ತಡ ಅಳೆದರು, ಎಬ್ಬಿಸಿ ನಿಲ್ಲಿಸಿ ಮೂರನೆಯ ನಿಮಿಷಕ್ಕೆ ಮತ್ತೆ ಅಳೆದರು. ಮೇಲಿನ ಅಂಕಿ 138ರಿಂದ 112ಕ್ಕೆ ಇಳಿಯಿತು. 20ಕ್ಕಿಂತ ಹೆಚ್ಚು ಇಳಿದರೆ ವ್ಯಾಯಾಮ ಮಾಡದಿದ್ದರೂ ಅದನ್ನು ಗಮನಿಸಬೇಕಂತೆ. ಪ್ರಾಸ್ಟೇಟ್ ಮಾತ್ರೆಯನ್ನು ರಾತ್ರಿಗೆ ಬದಲಾಯಿಸಿದ್ದಾರೆ, ಒತ್ತಡದ ಮಾತ್ರೆಯ ಪ್ರಮಾಣವನ್ನು ಎರಡು ವಾರದ ಮನೆಯ ಅಳತೆಗಳನ್ನು ನೋಡಿ ನಿರ್ಧರಿಸುತ್ತಾರಂತೆ. ಸೈಕಲ್ಲಿಗೆ ಅನುಮತಿ ಸಿಕ್ಕಿದೆ, ಏರಿಗೆ ಸಿಕ್ಕಿಲ್ಲ. ನಿನ್ನೆ ಏರಿನ ಬುಡದಲ್ಲೇ ತಿರುಗಿ, ಹಗುರ ಗೇರಿನಲ್ಲಿ 6 ನಿಮಿಷ ತುಳಿದು ಇಳಿದೆ. ಕಣ್ಣು ಮಂಜಾಗಲಿಲ್ಲ. ಅದು ಮಾತ್ರೆಯ ಹೊತ್ತು ಬದಲಾದದ್ದರಿಂದಲೋ, ಏರು ಬಿಟ್ಟದ್ದರಿಂದಲೋ, ನಿಧಾನವಾಗಿ ತುಳಿದದ್ದರಿಂದಲೋ ಎಂದು ವೈದ್ಯರನ್ನು ಕೇಳಿದರೆ, ಮೂರನ್ನೂ ಒಟ್ಟಿಗೇ ಬದಲಾಯಿಸಿದ ಮೇಲೆ ಹೇಗೆ ಹೇಳಲಿ ಎಂದು ನಕ್ಕರು.